‘ಸದ್ದು ಕೇಳ್ಸುತ್ತೆ, ಮಾತು ತಿಳಿಯಲ್ಲ’: ಹಿಯರಿಂಗ್ ಏಡ್ ಬಂದ ಮೇಲಿನ ಮನೆಪಾಠ

ಹೊಸದಾಗಿ ಹಿಯರಿಂಗ್ ಏಡ್ ಹಾಕಿಕೊಂಡವರಿಗೆ ಮೊದಲ ವಾರ ಕೇಳಿಸುವುದೆಲ್ಲ ಬೇಡದ ಸದ್ದುಗಳೇ. ಸ್ಟೀಲ್ ತಟ್ಟೆ ಇಟ್ಟ ಸದ್ದು, ಕುರ್ಚಿ ಎಳೆದ ಸದ್ದು, ಪ್ಲಾಸ್ಟಿಕ್ ಕವರಿನ ಪರಪರ, ಬಚ್ಚಲಲ್ಲಿ ತೊಟ್ಟಿಕ್ಕುವ ನಲ್ಲಿ. ಇಷ್ಟೆಲ್ಲ ಕೇಳಿಸಿದ ಮೇಲೂ ತರಕಾರಿ ಗಾಡಿಯವನು ‘ಇಪ್ಪತ್ತು’ ಅಂದನೋ ‘ಎಪ್ಪತ್ತು’ ಅಂದನೋ ಗೊತ್ತಾಗುವುದಿಲ್ಲ. “ಸದ್ದು ಕೇಳ್ಸುತ್ತೆ, ಮಾತು ತಿಳಿಯಲ್ಲ” ಎಂಬ ದೂರು ಆಗ ಹುಟ್ಟುತ್ತದೆ. ಎಷ್ಟೋ ಮನೆಗಳಲ್ಲಿ ಆ ದೂರಿನ ನಂತರ ಮಷಿನ್ನು ಡಬ್ಬಿ ಸೇರುತ್ತದೆ.

ದೂರು ಸುಳ್ಳಲ್ಲ. ವಯಸ್ಸಿನೊಂದಿಗೆ ಬರುವ ಶ್ರವಣದೋಷ ಸಾಮಾನ್ಯವಾಗಿ ತೀಕ್ಷ್ಣ ಸ್ವರಗಳ ಕಡೆಯಿಂದ ಆರಂಭವಾಗುತ್ತದೆ. ಒಳಕಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿದ ಕಾಕ್ಲಿಯಾ ಎಂಬ ಭಾಗವಿದೆ. ಅದರ ಬುಡದ ರೋಮಕೋಶಗಳು ತೀಕ್ಷ್ಣ ಸದ್ದುಗಳನ್ನು ಹಿಡಿಯುತ್ತವೆ, ತುದಿಯ ಕೋಶಗಳು ತಗ್ಗಿನ ಸದ್ದುಗಳನ್ನು. ಮೊದಲು ಸವೆಯುವುದು ಬುಡದ ಕೋಶಗಳು, ಮತ್ತು ಮನುಷ್ಯರಲ್ಲಿ ಅವು ಮತ್ತೆ ಬೆಳೆಯುವುದಿಲ್ಲ. ಮಾತಿನಲ್ಲಿ ಆ, ಈ, ಊ ಮುಂತಾದ ಸ್ವರಾಕ್ಷರಗಳು ಜೋರಾದ ಸದ್ದುಗಳು. ಅವುಗಳ ಶಕ್ತಿಯೆಲ್ಲ ಹೆಚ್ಚಾಗಿ ತಗ್ಗಿನಲ್ಲಿ. ಸ, ಶ, ತ, ಕ, ಪ ಎಂಬವು ಮೆಲು ಸದ್ದುಗಳು. ಅವುಗಳನ್ನು ಒಂದರಿಂದ ಇನ್ನೊಂದನ್ನು ಬೇರೆ ಮಾಡುವ ಸುಳಿವು ಮೇಲಿನ ಸ್ವರಗಳಲ್ಲಿದೆ. ಹಾಗಾಗಿ ಇಂಥವರಿಗೆ ಮಾತಿನ ಗದ್ದಲ ಕಿವಿಗೆ ಬೀಳುತ್ತದೆ, ಆದರೆ ಹಾಲೋ ಸಾಲೋ ಕಾಲೋ ಎಂಬುದು ಕೈಗೆ ಸಿಗುವುದಿಲ್ಲ.

ಹಿಯರಿಂಗ್ ಏಡ್ ಆ ಮೆಲು ಸದ್ದುಗಳನ್ನು ಎತ್ತಿ ಕಿವಿಯೊಳಗೆ ಹಾಕುತ್ತದೆ. ವರ್ಷಗಟ್ಟಲೆ ಅವುಗಳಿಲ್ಲದೆ ಮಾತನ್ನು ಊಹಿಸಿಕೊಂಡು ಬಂದ ಮಿದುಳಿಗೆ ಅವು ಈಗ ಹೊಸ ಸದ್ದುಗಳು. ಜೊತೆಗೆ ಉಳಿದಿರುವ ಕೋಶಗಳು ಮೊದಲಿನಷ್ಟು ನಯವಾಗಿ ಸದ್ದನ್ನು ಬಿಡಿಸಲಾರವು. ಎಷ್ಟು ಜೋರು ಮಾಡಿದರೂ ಆ ನಯ ಹಿಂದಿರುಗುವುದಿಲ್ಲ. ಮನೆಯಲ್ಲಿ ಮಾಡುವ ಆಲಿಸುವ ಅಭ್ಯಾಸ ಬೇಕಾಗುವುದು ಇಲ್ಲಿ.

ಅಭ್ಯಾಸ ಎಂದೊಡನೆ ಒಂದು ವಿಷಯವನ್ನು ಬೇರ್ಪಡಿಸಿಕೊಳ್ಳಬೇಕು. ಒಂದು ಪದ ತಪ್ಪಿಹೋಗಲು ಎರಡು ಕಾರಣಗಳಿರುತ್ತವೆ. ಸದ್ದು ಕಿವಿಗೆ ತಲುಪಲೇ ಇಲ್ಲ ಎಂಬುದು ಒಂದು, ತಲುಪಿದರೂ ಗುರುತು ಸಿಗಲಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಮಷಿನ್ನು ಹೊಂದಿಸುವ ಆಡಿಯಾಲಜಿಸ್ಟ್ ಸರಿಪಡಿಸಬೇಕು, ಯಾವ ಅಭ್ಯಾಸವೂ ಅದನ್ನು ತುಂಬಲಾರದು. ಎರಡನೆಯದು ಮಾತ್ರ ಕೇಳುಗರು ಕಲಿಯಬಹುದಾದದ್ದು. ಮನೆಯ ಅಭ್ಯಾಸದ ನಿಜವಾದ ಬೆಲೆ ಇರುವುದು ಇವೆರಡನ್ನೂ ಬೇರೆ ಬೇರೆ ತೋರಿಸಿಕೊಡುವುದರಲ್ಲಿ.

ಹಾಗಾಗಿ ಪ್ರತಿದಿನದ ಅಭ್ಯಾಸ ಅರ್ಧ ನಿಮಿಷದ ಒಂದು ತಪಾಸಣೆಯಿಂದ ಶುರುವಾಗಬೇಕು. ಕಿವುಡು ಮಕ್ಕಳ ಮಾತಿನ ಶಿಕ್ಷಣಕ್ಕೆ ದುಡಿದ ಡೇನಿಯಲ್ ಲಿಂಗ್ ಅವರು ಬಳಕೆಗೆ ತಂದ ಆರು ಸದ್ದುಗಳ ಪರೀಕ್ಷೆ ದೊಡ್ಡವರಿಗೂ ಅಷ್ಟೇ ಚೆನ್ನಾಗಿ ಒದಗುತ್ತದೆ. ಆ, ಊ, ಈ, ಮ್, ಶ್, ಸ್: ಆರೇ ಸದ್ದು. ಇವು ಮಾತಿನ ತಗ್ಗಿನ ತುದಿಯಿಂದ ಮೇಲಿನ ತುದಿಯವರೆಗೂ ಹರಡಿಕೊಂಡಿವೆ. ಮ್ ತೀರ ಕೆಳಗೆ, ಸ್ ತೀರ ಮೇಲೆ. ಮನೆಯವರೊಬ್ಬರು ಒಂದು ಮೀಟರ್ ದೂರದಲ್ಲಿ, ಬಾಯಿ ಕಾಣದ ಹಾಗೆ ಪಕ್ಕಕ್ಕೆ ಕೂತು, ಸಾಧಾರಣ ದನಿಯಲ್ಲಿ ಒಂದೊಂದನ್ನೇ ಹೇಳುತ್ತಾರೆ. ಕ್ರಮ ದಿನವೂ ಬದಲಾಗಬೇಕು, ನಡುನಡುವೆ ಸುಮ್ಮನಿರುವುದೂ ಇರಬೇಕು, ಇಲ್ಲದಿದ್ದರೆ ಕೇಳುಗರು ಲೆಕ್ಕ ಹಾಕಿ ಹೇಳಿಬಿಡುತ್ತಾರೆ. ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳುವುದು ಕೇಳುಗರ ಕೆಲಸ. ಎರಡು ಕಿವಿಗೂ ಮಷಿನ್ನು ಇದ್ದರೆ ಒಂದೊಂದೇ ಹಾಕಿಕೊಂಡು ಒಮ್ಮೆ, ಎರಡನ್ನೂ ಹಾಕಿಕೊಂಡು ಒಮ್ಮೆ ನೋಡಬೇಕು. ಬಾಯಿಗೆ ಕೈ ಅಡ್ಡ ಹಿಡಿದು ಹೇಳಬಾರದು. ಕೈ ತುಟಿಯನ್ನಷ್ಟೇ ಮುಚ್ಚುವುದಿಲ್ಲ, ಸ್, ಶ್‌ಗಳ ಸದ್ದನ್ನೂ ಮಂಕಾಗಿಸುತ್ತದೆ.

ನಿನ್ನೆಯವರೆಗೆ ಸಿಗುತ್ತಿದ್ದ ಸ್ ಇವತ್ತು ಒಂದು ಕಿವಿಯಲ್ಲಿ ಸಿಗಲಿಲ್ಲ ಎಂದರೆ ಆ ದಿನ ಅಭ್ಯಾಸಕ್ಕೆ ಕೂರುವುದು ವ್ಯರ್ಥ. ಮೊದಲು ನೋಡಬೇಕಾದದ್ದು ಕಿವಿಯೊಳಗೆ ಹೋಗುವ ತುದಿಯಲ್ಲಿ ಗುಗ್ಗೆ ಕಟ್ಟಿದೆಯೇ, ಗುಂಡಿ ಬ್ಯಾಟರಿ ಮುಗಿದಿದೆಯೇ, ಬೆವರಿನ ತೇವ ಕೂತಿದೆಯೇ ಎಂಬುದನ್ನು. ಹೊಸ ಗುಂಡಿ ಬ್ಯಾಟರಿಯ ಸ್ಟಿಕ್ಕರ್ ಕಿತ್ತ ತಕ್ಷಣ ಒಳಗೆ ಹಾಕಬಾರದು. ಅದು ಗಾಳಿಯಿಂದ ಕೆಲಸ ಮಾಡುವ ಬ್ಯಾಟರಿ, ಗಾಳಿ ಎಳೆದುಕೊಳ್ಳಲು ಒಂದು ನಿಮಿಷವಾದರೂ ಬೇಕು.

ತಪಾಸಣೆ ಮುಗಿದ ಮೇಲೆ ನಿಜವಾದ ಅಭ್ಯಾಸ. ಮಾರುಕಟ್ಟೆಯಲ್ಲಿ ಕಂಪ್ಯೂಟರ್ ಕಾರ್ಯಕ್ರಮಗಳು, ಮೊಬೈಲ್ ಆ್ಯಪ್‌ಗಳು ಇವೆ, ಹೆಚ್ಚಿನವು ಇಂಗ್ಲಿಷಿನಲ್ಲಿ. ಕನ್ನಡದ ಮನೆಗೆ ಅವುಗಳಿಗಿಂತ ಹತ್ತಿರವಾದ, ಕಾಸಿಲ್ಲದ ವಿಧಾನ ಒಂದಿದೆ. ಅಮೆರಿಕದ ಕ್ಯಾರಲ್ ಡಿ ಫಿಲಿಪ್ಪೊ ಮತ್ತು ಬ್ರಯಾನ್ ಸ್ಕಾಟ್ 1978ರಲ್ಲಿ ಪ್ರಕಟಿಸಿದ ‘ಟ್ರ್ಯಾಕಿಂಗ್’ ಅದು. ಒಬ್ಬರು ಯಾವುದೋ ಬರಹವನ್ನು ತುಂಡು ತುಂಡಾಗಿ ಓದುತ್ತಾರೆ. ಇನ್ನೊಬ್ಬರು ಪ್ರತಿ ತುಂಡನ್ನೂ ಅಕ್ಷರಶಃ ತಿರುಗಿ ಹೇಳಬೇಕು. ಪೂರ್ತಿ ಸರಿಯಾಗುವವರೆಗೆ ಮುಂದಿನ ತುಂಡಿಗೆ ಹೋಗುವಂತಿಲ್ಲ. ನಿಯಮ ಇಷ್ಟೇ.

ಇದರ ಬಲ ಎಲ್ಲಿದೆ ಎಂಬುದು ಕಿವಿ ಮಂದವಾದವರ ಮನೆಯಲ್ಲಿ ಇದ್ದವರಿಗೆ ಬೇಗ ಹೊಳೆಯುತ್ತದೆ. ವರ್ಷಗಳ ರೂಢಿಯಿಂದ ಅವರು ಅರ್ಧ ಕೇಳಿ ‘ಹೂಂ’ ಅನ್ನುವುದನ್ನು ಕಲಿತಿರುತ್ತಾರೆ. ಮತ್ತೆ ಮತ್ತೆ ‘ಏನು’ ಎಂದು ಕೇಳಿದರೆ ಎದುರಿನವರ ಮುಖ ಗಂಟಿಕ್ಕುತ್ತದೆ, ಅದಕ್ಕಿಂತ ‘ಹೂಂ’ ವಾಸಿ. ಹಾಗೆ ಜಾರಿದ ಮಾತುಗಳು ಯಾವುವು ಎಂಬುದು ಹೇಳಿದವರಿಗೂ ಗೊತ್ತಾಗುವುದಿಲ್ಲ, ಕೇಳಿದವರಿಗೂ ಗೊತ್ತಾಗುವುದಿಲ್ಲ. ಟ್ರ್ಯಾಕಿಂಗ್‌ನಲ್ಲಿ ತಲೆಯಾಡಿಸಿ ಪಾರಾಗಲು ಸಾಧ್ಯವಿಲ್ಲ. ಕೇಳಿದ್ದು ಏನೆಂಬುದು ಬಾಯಿಂದಲೇ ಹೊರಬರುತ್ತದೆ.

ಹಾಸನದ ಒಂದು ಮನೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ತಾಯಿಗೆ 68 ವರ್ಷ, ನಿವೃತ್ತ ಶಿಕ್ಷಕಿ. ತಗ್ಗಿನ ಸದ್ದುಗಳು ಹೆಚ್ಚುಕಮ್ಮಿ ಸರಿಯಾಗಿ ಕೇಳುತ್ತವೆ, ಮೇಲೆ ಹೋದಂತೆ ಕೇಳುವಿಕೆ ಇಳಿಯುತ್ತದೆ, ಸ್ ಇರುವ ಎತ್ತರದಲ್ಲಿ ಸಾಕಷ್ಟು ಕುಸಿದಿದೆ. ಎರಡೂ ಕಿವಿಗೆ ಮಷಿನ್ನು ಬಂದು ಎರಡು ವಾರ ಆಗಿದೆ. ರಾತ್ರಿ ಊಟಕ್ಕೆ ಮುಂಚೆ ಟಿವಿ, ಫ್ಯಾನು ಆರಿಸಿ, ಮಗಳು ಎದುರಿಗೆ ಕೂತು ಪತ್ರಿಕೆಯ ಸ್ಥಳೀಯ ಪುಟ ಓದುತ್ತಾಳೆ. ಓದುವ ಮುಂಚೆ ವಿಷಯ ಏನೆಂದು ಹೇಳಿಬಿಡುತ್ತಾಳೆ: “ಅಮ್ಮ, ಇದು ಕರೆಂಟ್ ಹೋಗೋ ಸುದ್ದಿ.” ಇದು ಮೋಸವಲ್ಲ, ನಿತ್ಯದ ಮಾತಿನಲ್ಲೂ ವಿಷಯ ಗೊತ್ತಿದ್ದರೆ ಕಿವಿ ಬಿಟ್ಟದ್ದನ್ನು ಬುದ್ಧಿ ತುಂಬಿಕೊಳ್ಳುತ್ತದೆ.

“ಶನಿವಾರ ಬೆಳಿಗ್ಗೆ ಹತ್ತು ಗಂಟೆಯಿಂದ,” ಎಂದು ಓದಿ ಮಗಳು ನಿಲ್ಲಿಸುತ್ತಾಳೆ. ತಾಯಿ ಸರಿಯಾಗಿ ತಿರುಗಿ ಹೇಳುತ್ತಾರೆ. “ಸಂತೆಪೇಟೆ ಸುತ್ತಮುತ್ತ.” ತಾಯಿ: “ಅಂತೆ... ಏನೋ ಪೇಟೆ ಸುತ್ತಮುತ್ತ.” ಈಗ ಮಗಳು ಮಾಡುವುದು ಮುಖ್ಯ. ಉತ್ತರವನ್ನು ಕೂಡಲೇ ಬಿಟ್ಟುಕೊಡಬಾರದು, ಕೂಗಲೂ ಬಾರದು. ಮೊದಲು ಅದೇ ತುಂಡನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಓದುತ್ತಾಳೆ. ಸಿಗದಿದ್ದರೆ ತುಸು ನಿಧಾನವಾಗಿ, ಪದಗಳ ನಡುವೆ ಬಿಡುವು ಕೊಟ್ಟು ಓದುತ್ತಾಳೆ. ಆಗಲೂ ಸಿಗದಿದ್ದರೆ ಸುಳಿವು: “ವಾರಕ್ಕೊಮ್ಮೆ ವ್ಯಾಪಾರ ಕೂಡೋ ಜಾಗ ಅಮ್ಮ.” ಕೊನೆಗೂ ಆಗದಿದ್ದರೆ ಪತ್ರಿಕೆ ತಿರುಗಿಸಿ ಪದ ತೋರಿಸುತ್ತಾಳೆ. ಪದ ನೋಡಿದ ಮೇಲೆ ಕತೆ ಮುಗಿಯಲಿಲ್ಲ. ಇಡೀ ತುಂಡನ್ನು ಮತ್ತೆ ಓದಿ ಕೇಳಿಸಲೇಬೇಕು. ಕಣ್ಣಿನಿಂದ ಗೊತ್ತಾದ ಪದ ಕಿವಿಯಲ್ಲಿ ಹೇಗೆ ಬೀಳುತ್ತದೆ ಎಂದು ಗುರುತು ಹಿಡಿಯುವ ಗಳಿಗೆ ಅದು, ಈ ಅಭ್ಯಾಸದ ಪ್ರಯೋಜನವೆಲ್ಲ ಆ ಗಳಿಗೆಯಲ್ಲಿದೆ. ಅದನ್ನು ಬಿಟ್ಟು ಮುಂದೆ ಓಡುವ ಮನೆಗಳೇ ಹೆಚ್ಚು.

ಓದುವವರು ಕೂಗಬಾರದು ಎಂಬುದಕ್ಕೆ ಕಾರಣವಿದೆ. ಕೂಗಿದಾಗ ಜೋರಾಗುವುದು ಸ್ವರಾಕ್ಷರಗಳು, ವ್ಯಂಜನಗಳು ಅವುಗಳ ಅಡಿಯಲ್ಲಿ ಹೂತುಹೋಗುತ್ತವೆ. ಅಮೆರಿಕದ ಎಂಐಟಿಯಲ್ಲಿ ಪಿಚೆನಿ, ಡರ್ಲಾಕ್, ಬ್ರೈಡಾ ಎಂಬ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಮೂಲಿ ಮಾತಿನ ಓಟಕ್ಕಿಂತ ಬಿಡಿಸಿ ಸ್ಪಷ್ಟವಾಗಿ ಆಡಿದ ಮಾತನ್ನು ಶ್ರವಣದೋಷವಿದ್ದವರು ಸರಾಸರಿ ಶೇಕಡಾ 17 ಅಂಶದಷ್ಟು ಹೆಚ್ಚು ಗ್ರಹಿಸಿದರು. ಹಾಗೆ ಮಾತಾಡುವಾಗ ಓಟ ತಗ್ಗುತ್ತದೆ, ನಡುವೆ ಬಿಡುವು ಬರುತ್ತದೆ, ಪದದ ಕೊನೆಯ ಅಕ್ಷರ ನುಂಗಿಹೋಗುವುದಿಲ್ಲ. ಮನೆಯ ಅಭ್ಯಾಸದಲ್ಲಿ ತಾಯಿ ಕೇಳಲು ಕಲಿಯುವಷ್ಟೇ ಮಗಳು ಹೇಳಲು ಕಲಿಯುತ್ತಾಳೆ. ಅದರ ಲಾಭ ಇಡೀ ದಿನ ಇರುತ್ತದೆ.

ಹತ್ತು ನಿಮಿಷ ಓದಿದರೆ ಸಾಕು, ಹದಿನೈದು ಆದರೆ ಧಾರಾಳ. ಗಮನವಿಟ್ಟು ಕೇಳುವುದು ಕಿವಿ ಮಂದವಾದವರಿಗೆ ದಣಿವಿನ ಕೆಲಸ, ದಣಿದ ಮೇಲೆ ಆಗುವ ತಪ್ಪುಗಳು ಏನನ್ನೂ ಹೇಳುವುದಿಲ್ಲ. ಅಳತೆ ಬೇಕೆನ್ನುವವರು ಐದು ನಿಮಿಷ ಗಡಿಯಾರ ನೋಡಿ, ಅಷ್ಟರಲ್ಲಿ ಸರಿಯಾಗಿ ದಾಟಿದ ಪದಗಳನ್ನು ಎಣಿಸಬಹುದು. ಮೊದಲ ವಾರ ಐದು ನಿಮಿಷಕ್ಕೆ 110 ಪದ ಸಾಗಿದ್ದರೆ ನಿಮಿಷಕ್ಕೆ 22 ಆಯಿತು. ಇಂಗ್ಲಿಷ್ ಪುಸ್ತಕಗಳಲ್ಲಿ ಕೊಟ್ಟಿರುವ ಲೆಕ್ಕದ ಜೊತೆ ಇದನ್ನು ಹೋಲಿಸಬಾರದು. ಕನ್ನಡದಲ್ಲಿ ವಿಭಕ್ತಿ, ಕಾಲ, ಲಿಂಗ ಎಲ್ಲ ಒಂದೇ ಪದಕ್ಕೆ ಅಂಟಿಕೊಂಡು ಪದ ಉದ್ದವಾಗುತ್ತದೆ, ಹಾಗಾಗಿ ಸಂಖ್ಯೆ ಸಹಜವಾಗಿಯೇ ಕಡಿಮೆ ಬರುತ್ತದೆ. ಹೋಲಿಸಬೇಕಾದದ್ದು ಅದೇ ಕೇಳುಗರು, ಅದೇ ದನಿ, ಅದೇ ಬಗೆಯ ಬರಹ. ಅದೂ ದಿನ ದಿನಕ್ಕಲ್ಲ, ವಾರ ವಾರಕ್ಕೆ.

ಸಂಖ್ಯೆಗಿಂತ ದೊಡ್ಡ ಫಲ ತಪ್ಪುಗಳ ಪುಸ್ತಕ. ಮಗಳ ಪಕ್ಕದಲ್ಲಿ ಒಂದು ನೋಟುಬುಕ್ಕು ಇರುತ್ತದೆ. ತಪ್ಪಿದ ಪದ ಎಡಕ್ಕೆ, ತಾಯಿ ಹೇಳಿದ ಪದ ಬಲಕ್ಕೆ. ಒಂದು ವಾರದಲ್ಲಿ ಹೀಗೆಲ್ಲ ಸಾಲು ಬೀಳುತ್ತದೆ: ಸಂತೆ – ಅಂತೆ. ಸಾಲು – ಹಾಲು. ಸೊಪ್ಪು – ಉಪ್ಪು. ತಪ್ಪು – ಕಪ್ಪು. ಸಾಕು – ಹಾಕು. ತಾಯಿ – ಕಾಯಿ. ಬರಲ್ಲ – ಬರ್ತಾ... ಬಿಡಿಬಿಡಿಯಾಗಿ ನೋಡಿದರೆ ಇವು ಮರೆಗುಳಿತನ, ಅಲಕ್ಷ್ಯ ಎಂದೆಲ್ಲ ಕಾಣುತ್ತವೆ. ಒಟ್ಟಿಗೆ ನೋಡಿದಾಗ ಒಂದು ನೇಮ ಕಾಣುತ್ತದೆ. ಈ ಪಟ್ಟಿಯಲ್ಲಿ ಪದದ ಮೊದಲ ಸ ಬಹಳಷ್ಟು ಸಲ ಅಳಿಸಿಹೋಗಿದೆ ಅಥವಾ ಹ ಆಗಿದೆ. ತ ಮತ್ತು ಕ ಒಂದಕ್ಕೊಂದು ಬದಲಾಗಿವೆ. ಮ, ನ, ಬ, ಗ ಇರುವ ಪದಗಳು ಹೆಚ್ಚು ತಪ್ಪಿಲ್ಲ.

ಈ ಎರಡು ಗುಂಪಿಗೆ ಮದ್ದು ಬೇರೆ ಬೇರೆ. ಸ ಅಳಿಸಿಹೋಗುತ್ತಿದೆ ಎಂದು ಕಂಡ ಮೇಲೆ ಆರು ಸದ್ದುಗಳ ತಪಾಸಣೆಯನ್ನು ಒಂದೊಂದೇ ಕಿವಿಗೆ ಮಾಡಿ ನೋಡುತ್ತಾರೆ. ಬಲಗಿವಿಯಲ್ಲಿ ಸ್ ಸಿಗುತ್ತದೆ, ಎಡಗಿವಿಯಲ್ಲಿ ಒಂದು ಮೀಟರ್ ಹತ್ತಿರದಿಂದಲೂ ಸಿಗುವುದಿಲ್ಲ. ಇದು ಅಭ್ಯಾಸದ ಕೊರತೆಯಲ್ಲ, ಸದ್ದೇ ತಲುಪುತ್ತಿಲ್ಲ. ನೋಟುಬುಕ್ಕಿನ ಸಮೇತ ಆಡಿಯಾಲಜಿಸ್ಟ್ ಹತ್ತಿರ ಹೋದರೆ ಅವರು ಹುಡುಕಬೇಕಾದ ಜಾಗ ಕಿರಿದಾಗುತ್ತದೆ. ಎಡಗಡೆಯ ಮಷಿನ್ನಿನ ತುದಿಯಲ್ಲಿ ಗುಗ್ಗೆ ತಡೆಯುವ ಪುಟ್ಟ ಜಾಲರಿ ಕಟ್ಟಿಕೊಂಡಿರಬಹುದು. ಕಿವಿಯೊಳಗೆ ಕೂರುವ ರಬ್ಬರ್ ಟೋಪಿ ಸಡಿಲವಾಗಿರಬಹುದು. ಇಲ್ಲವೇ ಮೊದಲ ದಿನ ಕರ್ಕಶವೆನಿಸದಿರಲಿ ಎಂದು ತೀಕ್ಷ್ಣ ಸ್ವರಗಳನ್ನು ಬೇಕೆಂದೇ ಕಡಿಮೆ ಇಟ್ಟು, ಮುಂದಿನ ಭೇಟಿಗಳಲ್ಲಿ ಏರಿಸುವ ಯೋಚನೆ ಇದ್ದಿರಬಹುದು. ಕಿವಿಯ ನಾಳದೊಳಗೆ ಸಣ್ಣ ಮೈಕ್ ಕೊಳವೆ ಇಟ್ಟು, ಮಷಿನ್ನು ನಿಜವಾಗಿ ಎಷ್ಟು ಸದ್ದು ತಲುಪಿಸುತ್ತಿದೆ ಎಂದು ಅಳೆಯುವ ಪರೀಕ್ಷೆ ಇದೆ. ‘ರಿಯಲ್ ಇಯರ್’ ಅಳತೆ ಎನ್ನುತ್ತಾರೆ. ಅದನ್ನು ಮಾಡಿಸಿದಿರಾ ಎಂದು ಕೇಳುವುದಕ್ಕೆ ಕುಟುಂಬದವರು ಸಂಕೋಚಪಡಬಾರದು. ‘ಸರಿಯಾಗಿ ಕೇಳಲ್ಲ’ ಎಂಬ ಒಂದು ಸಾಲಿನ ದೂರಿಗೆ ಆಡಿಯಾಲಜಿಸ್ಟ್ ಇಡೀ ಸದ್ದನ್ನು ಒಂದಷ್ಟು ಏರಿಸಿ ಕಳಿಸುವುದುಂಟು. ಎರಡು ಪುಟದ ತಪ್ಪುಪಟ್ಟಿ ಕೈಲಿದ್ದರೆ ಹಾಗಾಗುವುದು ಕಷ್ಟ.

ಜಾಲರಿ ಬದಲಾಯಿತು, ಸ ಮರಳಿ ಬಂತು ಎಂದುಕೊಳ್ಳೋಣ. ತ–ಕ ತಪ್ಪುಗಳು ಹಾಗೆಯೇ ಉಳಿದಿವೆ. ಇವು ಕಲಿಯಬಹುದಾದ ತಪ್ಪುಗಳು, ಮತ್ತು ಇಲ್ಲಿ ಕಣ್ಣಿಗೂ ಕಿವಿಗೂ ಚೆಂದದ ಒಂದು ಹೊಂದಾಣಿಕೆಯಿದೆ. ಪ, ತ, ಕ ಈ ಮೂರು ಕಿವಿಗೆ ಹತ್ತಿರ ಹತ್ತಿರ, ಆದರೆ ತುಟಿಯಲ್ಲಿ ಬೇರೆ: ಪ ಎನ್ನುವಾಗ ತುಟಿ ಮುಚ್ಚುತ್ತದೆ, ತ ಎನ್ನುವಾಗ ನಾಲಗೆಯ ತುದಿ ಹಲ್ಲಿನ ಹಿಂದೆ ಕಾಣುತ್ತದೆ, ಕ ಗಂಟಲ ಕಡೆ ಉಳಿದುಬಿಡುತ್ತದೆ. ಪ, ಬ, ಮ ಈ ಮೂರು ತುಟಿಯಲ್ಲಿ ಒಂದೇ ಥರ, ಆದರೆ ಅವುಗಳ ವ್ಯತ್ಯಾಸ ತಗ್ಗಿನ ಸ್ವರಗಳಲ್ಲಿರುವುದರಿಂದ ಕಿವಿ ಸುಲಭವಾಗಿ ಬಿಡಿಸುತ್ತದೆ. ಒಂದು ಕೈಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ. ಮಾತಾಡುವವರ ಮುಖ ನೋಡಿ ಎಂಬ ಸಲಹೆಯ ಹಿಂದಿರುವ ಕಾರಣ ಇದೇ.

ಹಾಗಾಗಿ ಜೋಡಿಪದಗಳ ಅಭ್ಯಾಸವನ್ನು ಮೊದಲು ಮುಖ ನೋಡುತ್ತಾ ಮಾಡುತ್ತಾರೆ, ಆಮೇಲೆ ಪಕ್ಕಕ್ಕೆ ಕೂತು ಬರೀ ಕಿವಿಯಿಂದ, ಕೊನೆಗೆ ಮತ್ತೆ ಮುಖ ನೋಡುತ್ತಾ. ತಾಯಿ–ಕಾಯಿ, ತಪ್ಪು–ಕಪ್ಪು, ತಲೆ–ಕಲೆ, ತೊಳೆ–ಕೊಳೆ, ತಟ್ಟೆ–ಕಟ್ಟೆ. ಎರಡೂ ಪದಗಳನ್ನು ಬರೆದಿಟ್ಟು, ಮಗಳು ಒಂದನ್ನು ಹೇಳುತ್ತಾಳೆ, ತಾಯಿ ಬೆರಳು ತೋರಿಸುತ್ತಾರೆ. ಇಪ್ಪತ್ತು ಸಲದಲ್ಲಿ ಹತ್ತು ಸರಿಯಾದರೆ ಅದು ಬರೀ ಊಹೆ; ಎರಡರಲ್ಲಿ ಒಂದು ಹೇಗೂ ಸರಿಯಾಗುತ್ತದೆ. ಹದಿನಾರು ಹದಿನೇಳು ಸರಿಯಾದರೆ ಕಿವಿ ಏನನ್ನೋ ಹಿಡಿಯುತ್ತಿದೆ ಎಂದರ್ಥ. ತಪ್ಪಿದಾಗ ಎರಡೂ ಪದಗಳನ್ನು ಒಂದರ ಹಿಂದೊಂದು ಕೇಳಿಸಬೇಕು. ಪಟ್ಟಿಯನ್ನು ಎಲ್ಲಿಂದಲೋ ತರುವ ಅಗತ್ಯವಿಲ್ಲ, ಆ ಮನೆಯ ನೋಟುಬುಕ್ಕಿನಿಂದಲೇ ಹುಟ್ಟಬೇಕು. ಇನ್ನೊಬ್ಬರಿಗೆ ತೊಡಕು ಲ–ಳ ಆಗಿರಬಹುದು: ಹುಲಿ–ಹುಳಿ, ಬಲೆ–ಬಳೆ, ಹಲ್ಲಿ–ಹಳ್ಳಿ. ಮತ್ತೊಬ್ಬರಿಗೆ ತ–ಟ: ಕತ್ತೆ–ಕಟ್ಟೆ, ಹತ್ತಿ–ಹಟ್ಟಿ. ಬಿಡಿ ಪದಗಳ ಈ ಆಟಕ್ಕೆ ದಿನಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಕೊಡಬೇಕಿಲ್ಲ. ನಿಜ ಜೀವನದಲ್ಲಿ ಯಾರೂ ಬಿಡಿ ಪದದಲ್ಲಿ ಮಾತಾಡುವುದಿಲ್ಲ.

ನೋಟುಬುಕ್ಕಿನ ಕೊನೆಯ ಸಾಲು, ‘ಬರಲ್ಲ – ಬರ್ತಾ...’, ಕನ್ನಡಕ್ಕೇ ಸೇರಿದ ಒಂದು ತೊಡಕನ್ನು ತೋರಿಸುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕಟ್ಟಕಡೆಗೆ ಬರುತ್ತದೆ. ಹೌದೋ ಅಲ್ಲವೋ, ಆಯಿತೋ ಆಗಲಿದೆಯೋ, ಪ್ರಶ್ನೆಯೋ ಉತ್ತರವೋ ಎಲ್ಲ ಅದರ ಬಾಲದಲ್ಲಿರುತ್ತದೆ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮಾತಾಡುವವರ ದನಿ ಇಳಿದಿರುತ್ತದೆ. ಅತಿ ಮುಖ್ಯವಾದ ಅಕ್ಷರಗಳು ಅತಿ ಮೆತ್ತಗೆ ಬೀಳುವುದು ಇಲ್ಲೇ. “ಡಾಕ್ಟ್ರು ನಾಳೆ ಸಿಗ್ತಾರೆ”, “ಸಿಗಲ್ಲ”, “ಸಿಗ್ತಾರಾ”, “ಸಿಕ್ಕಿದ್ರು”: ಈ ನಾಲ್ಕನ್ನು ಹಿಂದುಮುಂದು ಮಾಡಿ ಹೇಳಿ, ಯಾವುದೆಂದು ತಿರುಗಿ ಹೇಳಿಸುವ ಅಭ್ಯಾಸ ದಿನದ ಪಾಠದಲ್ಲಿ ಸೇರಲೇಬೇಕು. ‘ಬೇಕು, ಬೇಡ, ಬೇಕಾ’, ‘ಮನೆಗೆ, ಮನೇಲಿ, ಮನೆಯಿಂದ’ ಇವೂ ಹಾಗೆಯೇ. ಅಂಗಡಿ ಲೆಕ್ಕಕ್ಕೆ ಇಪ್ಪತ್ತು–ಎಪ್ಪತ್ತು, ಮೂವತ್ತು–ಐವತ್ತು ಸಾಲನ್ನೂ ಸೇರಿಸಿಕೊಳ್ಳಬಹುದು.

ಇದೇ ಪಾಠದಲ್ಲಿ ಸದ್ದಿಲ್ಲದೆ ಕಲಿತುಹೋಗುವ ಇನ್ನೊಂದು ವಿದ್ಯೆಯಿದೆ: ಕೇಳಿಸದೆ ಹೋದಾಗ ಹೇಗೆ ಕೇಳಬೇಕು ಎಂಬುದು. ‘ಆಂ?’ ಎಂದರೆ ಎದುರಿನವರು ಇಡೀ ಮಾತನ್ನು, ಅದೇ ಓಟದಲ್ಲಿ, ಇನ್ನಷ್ಟು ಜೋರಾಗಿ ಹೇಳುತ್ತಾರೆ. ಸಿಕ್ಕಿದ್ದನ್ನು ಹೇಳಿ ಸಿಗದ್ದನ್ನು ಮಾತ್ರ ಕೇಳುವುದು ಮೇಲು: “ಶನಿವಾರ ಹತ್ತು ಗಂಟೆಗೆ ಗೊತ್ತಾಯ್ತು, ಯಾವ ಪೇಟೆ ಅಂದೆ?” ಟ್ರ್ಯಾಕಿಂಗ್ ಮಾಡುವಾಗ ತಾಯಿಗೆ ‘ಆಂ’ ಅನ್ನಲು ಅವಕಾಶ ಕೊಡದೆ ಹೀಗೇ ಕೇಳಿಸಿದರೆ, ಅದು ಮದುವೆಮನೆಯಲ್ಲೂ ಬ್ಯಾಂಕಿನಲ್ಲೂ ತಾನಾಗಿ ಬಾಯಿಗೆ ಬರುತ್ತದೆ.

ನಿಶ್ಶಬ್ದದಲ್ಲಿ ಹತ್ತು ಪದಕ್ಕೆ ಒಂಬತ್ತು ಸಲೀಸಾಗಿ ಸಿಗುತ್ತಿವೆ ಎಂದಾದಾಗ ಗದ್ದಲ ಸೇರಿಸುವ ಸಮಯ. ಮೊದಲು ಫ್ಯಾನು. ಆಮೇಲೆ ನಾದಸ್ವರದಂಥ ವಾದ್ಯಸಂಗೀತ ಮೆಲ್ಲಗೆ. ಆಮೇಲೆ ತಾಯಿಗೆ ಬಾರದ ಭಾಷೆಯ ವಾರ್ತೆ. ಕೊನೆಗೆ ಕನ್ನಡದ್ದೇ ಮಾತು. ಎಲ್ಲಕ್ಕಿಂತ ಕಷ್ಟ ಅದೇ, ಏಕೆಂದರೆ ಅರ್ಥವಾಗುವ ಮಾತು ಗಮನವನ್ನು ಎಳೆದುಕೊಳ್ಳುತ್ತದೆ. ರೇಡಿಯೊ ಕೇಳುಗರ ಬೆನ್ನ ಹಿಂದೆ ಇರಬೇಕು, ಓದುವವರು ಮುಂದೆ. ಅನೇಕ ಮಷಿನ್ನುಗಳು ಗದ್ದಲದಲ್ಲಿ ಮುಂದಿನ ಸದ್ದನ್ನು ಉಳಿಸಿಕೊಂಡು ಹಿಂದಿನದನ್ನು ತಗ್ಗಿಸುತ್ತವೆ. ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರಬೇಕೋ ಬಾಗಿಲಿಗೋ ಎಂಬುದನ್ನು ಕೇಳುಗರು ಮನೆಯಲ್ಲೇ ಪ್ರಯೋಗ ಮಾಡಿ ತಿಳಿಯಬಹುದು. ಅರ್ಧಕ್ಕಿಂತ ಹೆಚ್ಚು ಪದ ತಪ್ಪಿದರೆ ಗದ್ದಲ ಇಳಿಸಬೇಕು ಅಥವಾ ಓದುವವರು ಹತ್ತಿರ ಬರಬೇಕು. ಬಯಲಿನಲ್ಲಿ ದೂರ ಅರ್ಧವಾದರೆ ಮಾತಿನ ಸದ್ದು 6 ಡೆಸಿಬೆಲ್ ಏರುತ್ತದೆ. ಕೋಣೆಯಲ್ಲಿ ಗೋಡೆಗಳ ಮಾರ್ದನಿಯಿಂದ ಅಷ್ಟು ಪೂರ್ತಿ ಸಿಗದಿದ್ದರೂ ಲಾಭ ಸಣ್ಣದಲ್ಲ.

ಇಷ್ಟೆಲ್ಲ ಮಾಡಿದರೆ ಎಷ್ಟು ಸುಧಾರಣೆ? ಇಲ್ಲಿ ಪ್ರಾಮಾಣಿಕವಾಗಿರಬೇಕು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ರಾಬರ್ಟ್ ಸ್ವೀಟೊ ಮತ್ತು ಜೆನಿಫರ್ ಹೆಂಡರ್ಸನ್ ಸೇಬಸ್ ರೂಪಿಸಿದ ‘ಲೇಸ್’ ಎಂಬ ಕಂಪ್ಯೂಟರ್ ಅಭ್ಯಾಸಕ್ರಮ 2006ರಲ್ಲಿ ಉತ್ತಮ ಫಲಿತಾಂಶ ವರದಿ ಮಾಡಿತ್ತು. ಹತ್ತು ವರ್ಷದ ನಂತರ, 2016ರಲ್ಲಿ, ಗೇಬ್ರಿಯೆಲ್ ಸಾಂಡರ್ಸ್ ಮತ್ತು ಸಂಗಡಿಗರು 279 ಮಾಜಿ ಸೈನಿಕರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಪರೀಕ್ಷಿಸಿದರು. ಹಿಯರಿಂಗ್ ಏಡ್ ಮಾತ್ರ ಪಡೆದು ಮಾಮೂಲಿ ಸಲಹೆ ಕೇಳಿದವರಿಗಿಂತ ಲೇಸ್ ಮಾಡಿದವರು ಮುಂದಿರಲಿಲ್ಲ. ಇಂಥ ಅಭ್ಯಾಸಗಳ ಬಗ್ಗೆ ಮತ್ತೆ ಮತ್ತೆ ಕಂಡುಬಂದ ಸಂಗತಿಯೆಂದರೆ, ಯಾವುದನ್ನು ಅಭ್ಯಾಸ ಮಾಡುತ್ತಾರೋ ಅದರಲ್ಲಿ ಸುಧಾರಿಸುತ್ತಾರೆ. ಅಭ್ಯಾಸ ಮಾಡದ ಮಾತಿಗೆ ಅದು ಹರಿದುಬರುವುದು ಕಡಿಮೆ.

ಈ ಸಂಗತಿಯನ್ನು ನಿರಾಶೆಯಾಗಿ ಓದಬೇಕಿಲ್ಲ, ಆಯ್ಕೆಯ ಸೂತ್ರವಾಗಿ ಓದಬಹುದು. ಅಭ್ಯಾಸ ಮಾಡಿದ್ದೇ ಸುಧಾರಿಸುವುದಾದರೆ, ದಿನವೂ ಕೇಳಬೇಕಾದ ದನಿಯನ್ನೇ ಅಭ್ಯಾಸಕ್ಕೆ ತೆಗೆದುಕೊಳ್ಳುವುದು ಸರಿ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ನ್ಯಾನ್ಸಿ ಟೈ-ಮರ್‍ರೆ ಮತ್ತು ಸಂಗಡಿಗರು ಗಂಡ ಅಥವಾ ಹೆಂಡತಿಯ ದನಿಯನ್ನೇ ಬಳಸಿ ಅಭ್ಯಾಸ ಮಾಡಿಸಿ, ಆ ದನಿಯ ಗ್ರಹಿಕೆ ಹೆಚ್ಚಿದ್ದನ್ನು ವರದಿ ಮಾಡಿದ್ದಾರೆ. ಯಾರದೋ ಧ್ವನಿಮುದ್ರಣಕ್ಕಿಂತ ಮಗಳ ದನಿ, ಅಳಿಯನ ವೇಗದ ಮಾತು, ಮೊಮ್ಮಗುವಿನ ತೆಳು ಕಂಠ, ಅವರಾಡುವ ಹಾಸನದ ಕನ್ನಡವೋ ಧಾರವಾಡದ ಕನ್ನಡವೋ, ಅದೇ ಪಾಠವಾಗಬೇಕು. ಮಗಳ ದನಿಗೆ ಒಗ್ಗಿದ ಮೇಲೆ ಓದುವವರನ್ನು ಬದಲಿಸಬೇಕಾದದ್ದೂ ಇದೇ ಕಾರಣಕ್ಕೆ. ಇನ್ನು ತಪ್ಪುಗಳ ಪುಸ್ತಕದಿಂದ ಮಷಿನ್ನು ಸರಿಹೋಗುವ ಲಾಭವಂತೂ ಅಭ್ಯಾಸ ಫಲಿಸಲಿ ಬಿಡಲಿ ಕೈಲಿರುತ್ತದೆ.

ಅಭ್ಯಾಸ ಮುಟ್ಟಲಾರದ ಕೆಲವು ಸ್ಥಿತಿಗಳಿವೆ. ಒಂದು ಕಿವಿ ಇದ್ದಕ್ಕಿದ್ದಂತೆ, ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಕುಸಿದರೆ ಅದೇ ದಿನ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಬೇಕು. ತಡವಾದಷ್ಟೂ ಚಿಕಿತ್ಸೆಯ ಅವಕಾಶ ಕುಗ್ಗುತ್ತದೆ. ಕಿವಿ ಸೋರಿಕೆ, ನೋವು, ತಲೆಸುತ್ತು ಇದ್ದರೂ ವೈದ್ಯರೇ ಮೊದಲು. ಮಷಿನ್ನಿನ ಅಳತೆಯೆಲ್ಲ ಸರಿಯಿದ್ದು, ನಿಶ್ಶಬ್ದದಲ್ಲಿ, ಹತ್ತಿರದಲ್ಲಿ, ಮುಖ ನೋಡುತ್ತಿದ್ದರೂ ಅರ್ಧದಷ್ಟು ಪದ ದಾಟದಿದ್ದರೆ ಓದಿ ಓದಿ ಇಬ್ಬರೂ ಸೋಲುವುದರಲ್ಲಿ ಅರ್ಥವಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ ಹೊಂದುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡ ಪದಪಟ್ಟಿಗಳಿಂದಲೇ ಗ್ರಹಿಕೆಯನ್ನು ಅಳೆಯುವ ವ್ಯವಸ್ಥೆಯಿದೆ. ಮಾತೃಭಾಷೆಯಲ್ಲಿ ಅಳೆಯದ ಅಂಕಿ ಈ ನಿರ್ಧಾರಕ್ಕೆ ಸಾಲದು.

ಫೋನಿನ ಮಾತನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಅಲ್ಲಿ ಮುಖ ಕಾಣುವುದಿಲ್ಲ, ಜೊತೆಗೆ ಹಳೆಯ ಬಗೆಯ ಫೋನ್ ಕರೆ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಸಾಗಿಸುತ್ತದೆ. ಸ್ ಎಂಬ ಸದ್ದಿನ ಬಹುಪಾಲು ಅದರಿಂದ ಮೇಲಿರುವುದರಿಂದ, ಅಂಥ ಕರೆಯಲ್ಲಿ ಸ ತಪ್ಪಿದರೆ ಮಷಿನ್ನನ್ನು ದೂರಬೇಕಿಲ್ಲ. ವಾಟ್ಸ್‌ಆ್ಯಪ್ ವಿಡಿಯೊ ಕರೆಯಲ್ಲಿ ಸಾಮಾನ್ಯವಾಗಿ ಸದ್ದಿನ ಹರವು ಹೆಚ್ಚು, ತುಟಿಯೂ ಕಾಣುತ್ತದೆ. ಅಲ್ಲಿಂದ ಆರಂಭಿಸಿ ಬರೀ ಧ್ವನಿಯ ಕರೆಗೆ ಬರಬಹುದು. ಮೊದಲ ಕರೆಗಳಿಗೆ ವಿಷಯ ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಮಗಳು ಪಕ್ಕದ ಕೋಣೆಯಿಂದ ಎಂಟು ಸಾಮಾನಿನ ಕಿರಾಣಿ ಪಟ್ಟಿ ಹೇಳುತ್ತಾಳೆ, ಪ್ರತಿಯೊಂದಕ್ಕೂ ತೂಕ ಸೇರಿಸಿ: ತೊಗರಿಬೇಳೆ ಎರಡು ಕೆಜಿ, ಸಾಸಿವೆ ಕಾಲು ಕೆಜಿ, ಹುಣಸೆಹಣ್ಣು ಅರ್ಧ ಕೆಜಿ. ತಾಯಿ ಒಂದೊಂದನ್ನೂ ತಿರುಗಿ ಹೇಳಿ, ಸರಿಯೆಂದ ಮೇಲೆ ಬರೆದುಕೊಳ್ಳುತ್ತಾರೆ. ಕರೆ ಮುಗಿದ ಮೇಲೆ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ‘ಕಾಲು’ ‘ನಾಲ್ಕು’ ಆಗಿದ್ದರೆ ಅದೂ ನೋಟುಬುಕ್ಕಿಗೆ ಹೋಗುತ್ತದೆ, ಫೋನಿನದು ಎಂಬ ಗುರುತಿನೊಂದಿಗೆ.